ಎಂಟು ವರ್ಷ ‘ನಾನು ಇಂಟ್ರೋವರ್ಟ್’ ಅಂದುಕೊಂಡಿದ್ದೆ, ಈಗ ಅನುಮಾನ ಬಂದಿದೆ

ಸಂಜೆಮಲ್ಲಿಗೆ

ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಕಾಲೇಜು ಮುಗಿದಾಗಿನಿಂದ, ಅಂದರೆ ಸುಮಾರು ಎಂಟು ವರ್ಷದಿಂದ, ಯಾರು ಕೇಳಿದರೂ ನಾನು ಇಂಟ್ರೋವರ್ಟ್ ಅಂತಲೇ ಹೇಳಿಕೊಂಡು ಬಂದಿದ್ದೇನೆ. ಆ ಪದ ಸಿಕ್ಕಾಗ ದೊಡ್ಡ ಸಮಾಧಾನ ಆಗಿತ್ತು. ಯಾಕೆ ಬರಲಿಲ್ಲ, ಯಾಕೆ ಮಾತಾಡಲ್ಲ ಅಂತ ಕೇಳುವವರಿಗೆ ಕೊಡಲು ಒಂದು ಉತ್ತರ ಸಿಕ್ಕಿತ್ತು ಅಲ್ವಾ.

ನಮ್ಮ ಆಫೀಸಲ್ಲಿ ಪ್ರತಿ ಸೋಮವಾರ ಒಂಬತ್ತು ಜನರ ಮೀಟಿಂಗ್ ಇರುತ್ತದೆ. ಒಬ್ಬೊಬ್ಬರು ಎರಡು ನಿಮಿಷ ತಮ್ಮ ಕೆಲಸ ಎಲ್ಲಿಗೆ ಬಂತು ಅಂತ ಹೇಳಬೇಕು, ಅಷ್ಟೇ. ನನಗೆ ಭಾನುವಾರ ಮಧ್ಯಾಹ್ನದಿಂದಲೇ ಹೊಟ್ಟೆ ಹಿಂಡಲು ಶುರುವಾಗುತ್ತದೆ. ಹೇಳಬೇಕಾದ್ದನ್ನು ಒಂದೊಂದು ಪದ ಬಿಡದೆ ಬರೆದುಕೊಳ್ಳುತ್ತೇನೆ. ನನ್ನ ಸರದಿ ಬರುವವರೆಗೆ ಉಳಿದವರು ಏನು ಹೇಳಿದರು ಅಂತ ಕಿವಿಗೇ ಬೀಳುವುದಿಲ್ಲ, ಯಾಕೆಂದರೆ ನಾನು ಒಳಗೊಳಗೇ ನನ್ನದನ್ನು ಉರು ಹೊಡೆಯುತ್ತಿರುತ್ತೇನೆ. ಮುಗಿದ ಮೇಲಾದರೂ ನೆಮ್ಮದಿ ಇದೆಯಾ ಅಂದರೆ ಅದೂ ಇಲ್ಲ. ರಾತ್ರಿ ಮಲಗಿದಾಗ ಪೂರ್ತಿ ಎರಡು ನಿಮಿಷ ಮತ್ತೆ ಮತ್ತೆ ಓಡುತ್ತದೆ. ಅಲ್ಲಿ ತಡವರಿಸಿದೆ, ಅವರು ಫೋನ್ ನೋಡಿದರು, ಬಹುಶಃ ಬೋರ್ ಆಗಿರಬೇಕು, ಹೀಗೆ.

ನನ್ನ ಪಕ್ಕದ ಸೀಟಿನವಳೂ ಮಾತು ಕಮ್ಮಿ. ಮಧ್ಯಾಹ್ನ ಊಟಕ್ಕೆ ಒಬ್ಬಳೇ ಪುಸ್ತಕ ಹಿಡಿದು ಕೂರುತ್ತಾಳೆ. ಮೊನ್ನೆ ಮ್ಯಾನೇಜರ್ ಬಂದು, ಇದು ಶುಕ್ರವಾರಕ್ಕೆ ಆಗುತ್ತಾ ಅಂದರು. ತಲೆ ಎತ್ತಿ "ಆಗಲ್ಲ ಸರ್, ಎರಡು ವಾರ ಬೇಕು" ಅಂದಳು. ಮತ್ತೆ ಪುಸ್ತಕಕ್ಕೆ ಮರಳಿದಳು. ಧ್ವನಿಯಲ್ಲಿ ಒಂಚೂರೂ ಅಳುಕು ಇರಲಿಲ್ಲ. ನಾವಿಬ್ಬರೂ ಒಂದೇ ಥರ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಆ ಕ್ಷಣ ನೋಡಿ, ಅಲ್ಲವೇ ಅಲ್ಲ ಅನ್ನಿಸಿಬಿಟ್ಟಿತು.

ಇನ್ನೊಂದು ವಿಷಯ. ಹೋದ ವಾರ ಎಲ್ಲರೂ ಸೇರಿ ಹೊರಗೆ ಹೋದರು. ನಾನು ತಲೆನೋವು ಅಂತ ತಪ್ಪಿಸಿಕೊಂಡೆ. ಮನೆಗೆ ಬಂದಾಗ ಹಾಯಾಗಿತ್ತು. ರಾತ್ರಿ ಅವರ ಫೋಟೋ ನೋಡಿ ಅತ್ತುಬಿಟ್ಟೆ. ಒಂಟಿಯಾಗಿರುವುದೇ ಇಷ್ಟ ಅನ್ನುವವಳು ಅಳುವುದು ಯಾಕೆ?

ನೇರನುಡಿ

ಮೇಡಂ, ಇಂಟ್ರೋವರ್ಟ್ ಆಗಿರುವುದು ತಪ್ಪೇನೂ ಅಲ್ಲ. ಮಾತಾಡದವರು ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ, ಆಳವಾಗಿ ಯೋಚಿಸುತ್ತಾರೆ. ನೀವು ಯಾರಿಗೋಸ್ಕರವೂ ಎಕ್ಸ್‌ಟ್ರೋವರ್ಟ್ ಆಗಬೇಕಾಗಿಲ್ಲ. ಇರುವ ಹಾಗೇ ಇರಿ.

ಸಂಜೆಮಲ್ಲಿಗೆ

ಸರ್, ಕಾಳಜಿಗೆ ಥ್ಯಾಂಕ್ಸ್. ಆದರೆ ನನ್ನ ಪ್ರಶ್ನೆ ಅದಲ್ಲ. ನಾನು ಚೆನ್ನಾಗಿ ಕೇಳಿಸಿಕೊಳ್ಳುವುದೂ ಇಲ್ಲ, ಅದನ್ನೇ ಬರೆದಿದ್ದೇನೆ. ಎದುರಿನವರು ಮಾತಾಡುವಾಗ ನನ್ನ ಗಮನವೆಲ್ಲ ನನ್ನ ಮೇಲೇ ಇರುತ್ತದೆ.

ಪುಟಗಳ ನಡುವೆ

ನಾನು ಇದರ ಬಗ್ಗೆ ಸುಮಾರು ಓದಿದ್ದೇನೆ. ಸರಳವಾಗಿ ಹೇಳುತ್ತೇನೆ. ಇದೆಲ್ಲ ಒಂದೇ ಅಳತೆಪಟ್ಟಿ. ಕೆಳಗೆ ಇಂಟ್ರೋವರ್ಟ್, ಅದು ಜಾಸ್ತಿಯಾದರೆ ನಾಚಿಕೆ, ಇನ್ನೂ ಜಾಸ್ತಿಯಾದರೆ ಸೋಶಿಯಲ್ ಆಂಗ್ಸೈಟಿ, ಅಂದರೆ ಜನರ ಮುಂದೆ ಕಾಯಿಲೆ ಅನ್ನುವಷ್ಟು ಆಗುವ ಭಯ. ಜ್ವರ 99, 101, 104 ಇದ್ದ ಹಾಗೆ. ನೀವು 101ರ ಹತ್ತಿರ ಇದ್ದೀರಿ ಅನ್ನಿಸುತ್ತದೆ. ಇಂಟ್ರೋವರ್ಟ್‌ಗಳಿಗೆ ಜನರ ನಡುವೆ ಶಕ್ತಿ ಖಾಲಿಯಾಗುತ್ತದೆ, ಒಂಟಿಯಾಗಿದ್ದರೆ ತುಂಬಿಕೊಳ್ಳುತ್ತದೆ. ನಿಮಗೂ ಅದೇ ಆಗುತ್ತಿದೆ.

ಎರಡನೇ ಕುರ್ಚಿ

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಇಲ್ಲಿ ಬರೆದದ್ದನ್ನು ಓದಿ ಯಾರಿಗೂ ಕಾಯಿಲೆಯ ಹೆಸರು ಅಂಟಿಸುವುದಿಲ್ಲ, ಅದು ಎದುರು ಕೂತು ಮಾಡಬೇಕಾದ ಕೆಲಸ. ಆದರೆ ಜ್ವರದ ಹೋಲಿಕೆ ನೋಡಿ ಸುಮ್ನೆ ಇರಲಾಗಲಿಲ್ಲ.

ಇಂಟ್ರೋವರ್ಟ್ ಅನ್ನುವುದು ಹಸಿವಿನ ವಿಷಯ. ಎಷ್ಟು ಜನ, ಎಷ್ಟು ಹೊತ್ತು, ಎಷ್ಟು ಗದ್ದಲ ಬೇಕು ಅನ್ನುವುದು. ಕೆಲವರಿಗೆ ಸ್ವಲ್ಪ ಸಾಕು. ಅದರಲ್ಲಿ ಭಯ ಇರಲೇಬೇಕು ಅಂತಿಲ್ಲ. ನಾಚಿಕೆ ಅಂದರೆ ಹೊಸಬರ ಮುಂದೆ, ಎಲ್ಲರ ಕಣ್ಣು ತನ್ನ ಮೇಲಿರುವಾಗ ಆಗುವ ಬಿಗಿತ, ಹಿಂಜರಿಕೆ. ಹಸಿವು ಬೇರೆ, ಬಿಗಿತ ಬೇರೆ. ಹಾಗಾಗಿ ಒಬ್ಬರಿಗೆ ಜನ ಬೇಕೇ ಬೇಕು, ಜನರ ಮುಂದೆ ಗಂಟಲೂ ಕಟ್ಟುತ್ತದೆ, ಹೀಗೂ ಇರಬಹುದು. ಜ್ವರದ ಪಟ್ಟಿಯಲ್ಲಿ ಇವರಿಗೆ ಜಾಗವೇ ಇಲ್ಲ ನೋಡಿ.

1981ರಲ್ಲಿ ಚೀಕ್ ಮತ್ತು ಬಸ್ ಅನ್ನುವ ಇಬ್ಬರು ಇದನ್ನೇ ಪರೀಕ್ಷಿಸಿದರು. ಜನರ ಜೊತೆ ಇರುವ ಆಸೆಯನ್ನೂ ನಾಚಿಕೆಯನ್ನೂ ಬೇರೆ ಬೇರೆಯಾಗಿ ಅಳೆದರು. ಎರಡಕ್ಕೂ ಸಂಬಂಧ ಇತ್ತು, ಆದರೆ ಒಂದನ್ನು ಹೇಳಿದರೆ ಇನ್ನೊಂದು ಗೊತ್ತಾಗುವಷ್ಟು ಇರಲಿಲ್ಲ. ಆಮೇಲೆ ಪರಿಚಯ ಇಲ್ಲದ ವಿದ್ಯಾರ್ಥಿಗಳನ್ನು ಜೋಡಿಯಾಗಿ ಕೂರಿಸಿ ಗಮನಿಸಿದರು. ಅತಿ ಹೆಚ್ಚು ಚಡಪಡಿಸಿದವರು ಯಾರು ಗೊತ್ತಾ? ನಾಚಿಕೆಯೂ ಇದ್ದು ಜನರೂ ಬೇಕು ಅನ್ನುವವರು. ಅವರು ಮಾತು ಕಮ್ಮಿ ಆಡಿದರು, ಕಣ್ಣು ತಪ್ಪಿಸಿದರು, ಮುಖ ಕೈ ಮುಟ್ಟಿಕೊಳ್ಳುತ್ತಿದ್ದರು. ಜನ ಅಷ್ಟಾಗಿ ಬೇಡ ಅನ್ನುವ ನಾಚಿಕೆಯವರಿಗಿಂತ ಇವರ ಕಷ್ಟ ಜಾಸ್ತಿ ಇತ್ತು. ಕಾಲು ಮುಂದೆ ಎಳೆಯುತ್ತದೆ, ಭಯ ಹಿಂದೆ ಎಳೆಯುತ್ತದೆ.

ಮಲ್ಲಿಗೆಯವರೇ, ಫೋಟೋ ನೋಡಿ ಅತ್ತೆ ಅಂದಿರಲ್ಲ. ನಿಮ್ಮ ಬರಹದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಅದೇ ಸಾಲು. ಒಂದು ಪ್ರಶ್ನೆ ಕೇಳುತ್ತೇನೆ. ಅಲ್ಲಿ ಯಾರೂ ನಿಮ್ಮನ್ನು ತೂಗಿ ನೋಡುವುದಿಲ್ಲ, ಏನು ಮಾತಾಡಿದರೂ ನಡೆಯುತ್ತದೆ ಅಂತ ಮೊದಲೇ ಖಚಿತವಾಗಿ ಗೊತ್ತಿದ್ದಿದ್ದರೆ ಹೋಗುತ್ತಿದ್ದಿರಾ?

ಸಂಜೆಮಲ್ಲಿಗೆ

ಓದಿದ ತಕ್ಷಣ ಬಂದ ಉತ್ತರ, ಹೌದು. ಎಲ್ಲರಿಗಿಂತ ಮೊದಲೇ ಹೋಗಿರುತ್ತಿದ್ದೆ. ಆದರೆ ಎರಡು ಗಂಟೆ ಆದಮೇಲೆ ಮನೆಗೆ ಹೋಗಬೇಕು ಅನ್ನಿಸುತ್ತಿತ್ತು, ಅದೂ ನಿಜ.

ಎರಡನೇ ಕುರ್ಚಿ

ಹಾಗಾದರೆ ಎರಡೂ ಇರಬಹುದು. ಎರಡು ಗಂಟೆ ಸಾಕು ಅನ್ನುವುದು ನಿಮ್ಮ ಹಸಿವು, ಅದನ್ನು ಯಾರೂ ಸರಿಮಾಡಬೇಕಾಗಿಲ್ಲ. ಹೋಗಲಿಕ್ಕೇ ಬಿಡದಿರುವುದು ಭಯ.

ಇನ್ನೊಂದು ಗುರುತು ಹೇಳುತ್ತೇನೆ. ನಿಮ್ಮ ಪಕ್ಕದ ಸೀಟಿನವರು ಬರಲ್ಲ ಅಂದಾಗ ಸಂಜೆಯೆಲ್ಲ ನೆಮ್ಮದಿಯಾಗಿ ಕಳೆಯುತ್ತಾರೆ. ನೀವು ಬರಲ್ಲ ಅಂದಾಗ ಆದದ್ದು ಬೀಸುವ ದೊಣ್ಣೆ ತಪ್ಪಿತು ಅನ್ನುವಂಥ ಹಾಯಿ. ಅದು ಬೇಗ ಬರುತ್ತದೆ, ಬೇಗ ಹೋಗುತ್ತದೆ, ಹಿಂದೆಯೇ ಬೇಜಾರು ಬರುತ್ತದೆ. ಕಷ್ಟ ಏನೆಂದರೆ ಆ ಹಾಯಿಯಿಂದಲೇ ತಪ್ಪಿಸಿಕೊಳ್ಳುವ ಚಟ ಬೆಳೆಯುತ್ತದೆ. ಹೋಗದೆ ಇದ್ದದ್ದಕ್ಕೇ ಬಚಾವಾದೆ ಅಂತ ಮನಸ್ಸು ಲೆಕ್ಕ ಹಾಕುತ್ತದೆ. ಹೋಗಿದ್ದರೆ ಏನೂ ಆಗುತ್ತಿರಲಿಲ್ಲ ಅಂತ ತಿಳಿಯುವ ಅವಕಾಶವೇ ಸಿಗುವುದಿಲ್ಲ.

ಆದರೆ ನಾನು ಕೇಳಿದ ಪ್ರಶ್ನೆ ಎಲ್ಲರ ಮೇಲೂ ಕೆಲಸ ಮಾಡುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ತಪ್ಪಿಸಿಕೊಂಡೇ ಬಂದವರು, ಭಯ ಇಲ್ಲದಿದ್ದರೂ ಹೋಗುತ್ತಿರಲಿಲ್ಲ ಅಂತ ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಆಸೆ ಇತ್ತು ಅನ್ನುವುದೇ ಅವರಿಗೆ ಮರೆತುಹೋಗಿರುತ್ತದೆ. ಅಂಥವರು ಕೆಲವು ಸಲ ಹೋಗಿ ನೋಡಿದ ಮೇಲೆಯೇ ಗೊತ್ತಾಗುವುದು.

ಪುಟಗಳ ನಡುವೆ

ಸರಿ, ಇಂಟ್ರೋವರ್ಟ್ ಬೇರೆ ಅಂತ ಒಪ್ಪಿಕೊಂಡೆ. ಆದರೆ ನಾಚಿಕೆ ಮತ್ತು ಆಂಗ್ಸೈಟಿ ಒಂದೇ ಪಟ್ಟಿ ತಾನೇ? ಕಮ್ಮಿ ಇದ್ದರೆ ನಾಚಿಕೆ, ಜಾಸ್ತಿ ಇದ್ದರೆ ಕಾಯಿಲೆ.

ಎರಡನೇ ಕುರ್ಚಿ

ಇಲ್ಲಿ ನೀವು ಅರ್ಧ ಸರಿ. ಕೆಲವು ಸಂಶೋಧಕರು ಹಾಗೇ ಹೇಳುತ್ತಾರೆ, ಇನ್ನೂ ಕೆಲವರು ಒಪ್ಪುವುದಿಲ್ಲ. 2011ರಲ್ಲಿ ಅಮೆರಿಕದ ಹದಿಹರೆಯದವರ ಮೇಲೆ ಮಾಡಿದ ಒಂದು ದೊಡ್ಡ ಅಧ್ಯಯನ ಬಂತು. ತಮಗೆ ನಾಚಿಕೆ ಸ್ವಭಾವ ಅಂತ ಹೇಳಿಕೊಂಡವರಲ್ಲಿ ಸೋಶಿಯಲ್ ಆಂಗ್ಸೈಟಿಯ ಲಕ್ಷಣ ಪೂರ್ತಿ ಇದ್ದದ್ದು ಸುಮಾರು 12 ಶೇಕಡಾ ಜನರಲ್ಲಿ ಮಾತ್ರ. ನಾಚಿಕೆ ಇಲ್ಲ ಅಂದವರಲ್ಲೂ ಸುಮಾರು 5 ಶೇಕಡಾ ಜನರಿಗೆ ಅದು ಇತ್ತು. ಅಂದರೆ ನಾಚಿಕೆ ಇದ್ದರೆ ಸಾಧ್ಯತೆ ಜಾಸ್ತಿ, ಆದರೆ ನಾಚಿಕೆಯ ದಾರಿಯಲ್ಲೇ ಎಲ್ಲರೂ ಅಲ್ಲಿಗೆ ಬರುವುದಿಲ್ಲ.

ನಾನು ಎದುರು ಕೂತವರಲ್ಲಿ ನೋಡುವುದು ಭಯ ಎಷ್ಟು ದೊಡ್ಡದು ಅಂತಷ್ಟೇ ಅಲ್ಲ. ಆರು ತಿಂಗಳಿಗೂ ಹೆಚ್ಚು ಕಾಲದಿಂದ ಇದೆಯಾ? ಹೆಚ್ಚುಕಮ್ಮಿ ಪ್ರತಿ ಸಲವೂ ಬರುತ್ತದಾ? ಅದರಿಂದ ಬದುಕಿನ ಜಾಗ ಕಿರಿದಾಗಿದೆಯಾ? ಬಡ್ತಿ ಬೇಡ ಅಂದರಾ, ಫೋನ್ ಮಾಡಬೇಕಾಗುತ್ತದೆ ಅಂತ ಡಾಕ್ಟರ ಹತ್ತಿರ ಹೋಗುವುದನ್ನೇ ಮುಂದೂಡಿದರಾ? ನಾಚಿಕೆ ಇರುವವರು ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಸಡಿಲವಾಗುತ್ತಾರೆ. ಸೋಶಿಯಲ್ ಆಂಗ್ಸೈಟಿ ಎರಡನೇ ವರ್ಷದ ನೂರನೇ ಮೀಟಿಂಗಿನಲ್ಲೂ ಮೊದಲ ದಿನದಷ್ಟೇ ಇರಬಹುದು.

ಹಳೇ ಡೈರಿ

ಇದರ ಬಗ್ಗೆ ನನಗೆ ಒಂದು ತಕರಾರಿದೆ. 1980ಕ್ಕೆ ಮುಂಚೆ, ಮಾನಸಿಕ ಕಾಯಿಲೆಗಳನ್ನು ಪಟ್ಟಿ ಮಾಡುವ ಅಮೆರಿಕದ ಡಿಎಸ್‌ಎಂ ಕೈಪಿಡಿಯಲ್ಲಿ ಈ ಕಾಯಿಲೆಯ ಹೆಸರೇ ಇರಲಿಲ್ಲ. ಆಗಲೂ ಜನ ಇದ್ದರು, ಬದುಕಿದರು. ಇವತ್ತು ಮಾತು ಕಮ್ಮಿ ಆಡುವ ಪ್ರತಿ ಮಗುವಿಗೂ ಒಂದು ಚೀಟಿ ಅಂಟಿಸುವ ಕಾಲ ಬಂದಿದೆ. ನಾಚಿಕೆ ಒಂದು ಸ್ವಭಾವ. ಅದಕ್ಕೆ ಮಾತ್ರೆ ಯಾಕೆ?

ಎರಡನೇ ಕುರ್ಚಿ

ಹೆಸರು 1980ರಲ್ಲಿ ಬಂದದ್ದು ನಿಜ, ಸೋಶಿಯಲ್ ಫೋಬಿಯಾ ಅಂತ. ನಿಮ್ಮ ಆತಂಕವನ್ನು ತಳ್ಳಿಹಾಕುವುದಿಲ್ಲ. ನಾಚಿಕೆಗೆ ಚಿಕಿತ್ಸೆ ಬೇಡ, ನಾನೂ ಕೊಡುವುದಿಲ್ಲ. ಆದರೆ ಹೆಸರು ಇಲ್ಲದಿದ್ದಾಗ ಇದೇ ಜನ ಓದು ಬಿಟ್ಟರು, ಕೆಲಸ ಬಿಟ್ಟರು, ನಾಲ್ಕು ಜನರ ಮುಂದೆ ಕೂರಲು ಕುಡಿಯಲು ಶುರು ಮಾಡಿದರು. ಬದುಕಿದರು ಅನ್ನುವಾಗ ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಹಳೇ ಡೈರಿ

ಅದು ಸರಿ. ಆದರೆ ಗೆರೆ ಎಲ್ಲಿ ಎಳೆಯುತ್ತೀರಿ ಅನ್ನುವುದು ಎಳೆಯುವವರ ಕೈಯಲ್ಲಿದೆ. ಆ ಮಾತಿಗೆ ನಾನು ಅಂಟಿಕೊಳ್ಳುತ್ತೇನೆ.

ಏಳು ಸುತ್ತು

ನನ್ನ ಕಥೆ ಹೇಳಲಾ? ನಾನು ಬಾಯಿಬಡುಕ. ಯಾವುದೇ ಗುಂಪಿನಲ್ಲಿ ಅತಿ ಹೆಚ್ಚು ಮಾತಾಡುವವನು ನಾನೇ. ಒಂಟಿಯಾಗಿ ಒಂದು ದಿನ ಇರಲು ಆಗುವುದಿಲ್ಲ. ಮೂರು ವರ್ಷದ ಹಿಂದೆ ಡಾಕ್ಟರು ಸೋಶಿಯಲ್ ಆಂಗ್ಸೈಟಿ ಅಂದಾಗ ನನ್ನ ಹೆಂಡತಿಯೇ ನಂಬಲಿಲ್ಲ.

ಆದರೆ ನಿಜ. ನಾನು ಜನರ ನಡುವೆ ಹೋಗುವುದನ್ನು ಯಾವತ್ತೂ ತಪ್ಪಿಸಿಲ್ಲ, ವಾರಕ್ಕೆ ನಾಲ್ಕು ದಿನ ಹೋಗುತ್ತಿದ್ದೆ. ಭಯ ಮಾತ್ರ ಒಂಚೂರೂ ಇಳಿಯಲಿಲ್ಲ. ಎದುರಿಸಿದರೆ ಭಯ ಹೋಗುತ್ತದೆ ಅನ್ನುತ್ತಾರಲ್ಲ, ನನಗೆ ಯಾಕೆ ಹೋಗಲಿಲ್ಲ ಅಂತ ತಲೆ ಕೆಟ್ಟಿತ್ತು. ಆಮೇಲೆ ಥೆರಪಿಯಲ್ಲಿ ಒಂದೊಂದೇ ಬಿಚ್ಚಿಕೊಂಡಿತು. ನಾನು ಎಡೆಬಿಡದೆ ಬೇರೆಯವರನ್ನು ಪ್ರಶ್ನೆ ಕೇಳುತ್ತಿದ್ದೆ, ಯಾಕೆಂದರೆ ಅವರು ಮಾತಾಡುತ್ತಿದ್ದರೆ ನನ್ನ ಬಗ್ಗೆ ಯಾರೂ ಕೇಳುವುದಿಲ್ಲ. ಕೈ ನಡುಗುವುದು ಕಾಣಬಾರದು ಅಂತ ಲೋಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯುತ್ತಿದ್ದೆ. ಒಂದು ದಿನ ಅವರು ನನ್ನ ಕೈಗೆ ನೀರು ತುಂಬಿದ ಲೋಟ ಕೊಟ್ಟು ಮೊದಲು ಬಿಗಿಯಾಗಿ, ಆಮೇಲೆ ಸಡಿಲವಾಗಿ ಹಿಡಿಯಿರಿ ಅಂದರು. ಬಿಗಿಯಾಗಿ ಹಿಡಿದಾಗಲೇ ನೀರು ಜಾಸ್ತಿ ಅಲುಗಿತು! ಇಷ್ಟು ವರ್ಷ ನಡುಕವನ್ನು ನಾನೇ ಸಾಕಿಕೊಂಡು ಬಂದಿದ್ದೆ.

ಎರಡನೇ ಕುರ್ಚಿ

ಇಷ್ಟು ಚೆನ್ನಾಗಿ ನಾನು ಹೇಳಲು ಆಗುತ್ತಿರಲಿಲ್ಲ. ಇದನ್ನು ಸೇಫ್ಟಿ ಬಿಹೇವಿಯರ್ ಅಂತೀವಿ. ಹೋಗುತ್ತೀರಿ, ಆದರೆ ಒಂದು ಗುರಾಣಿ ಹಿಡಿದುಕೊಂಡು ಹೋಗುತ್ತೀರಿ. ಏನೂ ಆಗದಿದ್ದರೆ ಆ ಶ್ರೇಯಸ್ಸೆಲ್ಲ ಗುರಾಣಿಗೆ ಸೇರುತ್ತದೆ. ಸೋಶಿಯಲ್ ಆಂಗ್ಸೈಟಿ ಯಾಕೆ ಇಳಿಯುವುದಿಲ್ಲ ಅಂತ ವಿವರಿಸಲು ಕ್ಲಾರ್ಕ್ ಮತ್ತು ವೆಲ್ಸ್ ಅನ್ನುವ ಇಬ್ಬರು ಸೈಕಾಲಜಿಸ್ಟ್ 1995ರಲ್ಲಿ ಕಟ್ಟಿದ ಮಾದರಿಯಲ್ಲಿ ಇದು ಒಂದು ಮುಖ್ಯ ಕೊಂಡಿ. ಇನ್ನೊಂದು ಕೊಂಡಿ ಮಲ್ಲಿಗೆಯವರು ಹೇಳಿದ್ದು, ಗಮನವೆಲ್ಲ ಒಳಗೆ ತಿರುಗುವುದು. ಒಳಗೆ ಎದೆ ಡವಡವ ಅನ್ನುವುದನ್ನು ಕೇಳಿಸಿಕೊಂಡು, ಹೊರಗೂ ನಾನು ಹಾಗೇ ಕಾಣುತ್ತಿದ್ದೇನೆ ಅಂತ ತೀರ್ಮಾನ ಮಾಡುತ್ತೇವೆ. ಎದುರಿನವರ ಮುಖವನ್ನು ನೋಡಿಯೇ ಇರುವುದಿಲ್ಲ.

ಮಲ್ಲಿಗೆಯವರೇ, ನಿಮ್ಮ ಗುರಾಣಿ ಯಾವುದು ಅಂತ ನಿಮಗೇ ಗೊತ್ತಾಗಿರಬೇಕು.

ಸಂಜೆಮಲ್ಲಿಗೆ

ಬರೆದಿಟ್ಟುಕೊಳ್ಳುವ ಹಾಳೆ.

ಅಂಗಳದ ಬೆಳಕು

ಮಧ್ಯದಲ್ಲಿ ಬಂದೆ, ಕ್ಷಮಿಸಿ. ನನ್ನ ಮಗನಿಗೆ ಒಂಬತ್ತು ವರ್ಷ. ಯಾರಾದರೂ ಮನೆಗೆ ಬಂದರೆ ನನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಾನೆ. ಇದನ್ನೆಲ್ಲ ಓದಿ ಭಯ ಆಗುತ್ತಿದೆ. ಅವನಿಗೂ ಈ ಕಾಯಿಲೆ ಇದೆಯಾ? ಈಗಲೇ ಮಾತ್ರೆ ಶುರು ಮಾಡಬೇಕಾ?

ಎರಡನೇ ಕುರ್ಚಿ

ಅಮ್ಮಾ, ಗಾಬರಿ ಬೇಡ. ಇಪ್ಪತ್ತು ನಿಮಿಷ ಆದಮೇಲೆ ಅವನು ಏನು ಮಾಡುತ್ತಾನೆ?

ಅಂಗಳದ ಬೆಳಕು

ನಿಧಾನವಾಗಿ ಬಂದು ತನ್ನ ಆಟದ ಸಾಮಾನು ತೋರಿಸುತ್ತಾನೆ. ಹೊರಡುವ ಹೊತ್ತಿಗೆ ಅವರನ್ನು ಬಿಡುವುದೇ ಇಲ್ಲ. ಶಾಲೆಯಲ್ಲಿ ಇಬ್ಬರು ಗೆಳೆಯರಿದ್ದಾರೆ.

ಎರಡನೇ ಕುರ್ಚಿ

ಹಾಗಿದ್ದರೆ ಅವನಿಗೆ ಆ ಇಪ್ಪತ್ತು ನಿಮಿಷ ಕೊಡಿ. ಬಂದವರ ಮುಂದೆ "ಇವನಿಗೆ ತುಂಬಾ ನಾಚಿಕೆ" ಅಂತ ಹೇಳಬೇಡಿ, ಮುಂದಕ್ಕೆ ತಳ್ಳಲೂ ಬೇಡಿ. ಜೆರೋಮ್ ಕೇಗನ್ ಅನ್ನುವವರು ನಾಲ್ಕು ತಿಂಗಳ ಕೂಸುಗಳಿಗೆ ಹೊಸ ಸದ್ದು, ಹೊಸ ಆಟಿಕೆ ತೋರಿಸಿ ನೋಡಿದ್ದರು. ಸುಮಾರು ಐದರಲ್ಲಿ ಒಂದು ಮಗು ಕೈಕಾಲು ಬಡಿದು ಅಳುತ್ತಿತ್ತು. ಮುಂದೆ ಅವರಲ್ಲಿ ಹಿಂಜರಿಯುವ ಮಕ್ಕಳು ಜಾಸ್ತಿ ಇದ್ದರು, ಆದರೆ ಬಹಳಷ್ಟು ಮಕ್ಕಳು ದೊಡ್ಡವರಾಗುತ್ತಾ ತುಂಬಾ ಹಿಂಜರಿಕೆಯೂ ಇಲ್ಲದ, ತುಂಬಾ ಧೈರ್ಯವೂ ಇಲ್ಲದ ಮಧ್ಯದ ಜಾಗಕ್ಕೆ ಬಂದರು. ಶಾಲೆಗೆ ಹೋಗಲ್ಲ ಅಂತ ಹಠ, ತರಗತಿಯಲ್ಲಿ ತಿಂಗಳುಗಟ್ಟಲೆ ಬಾಯಿಯೇ ಬಿಡದಿರುವುದು, ಹೀಗೇನಾದರೂ ಕಂಡರೆ ತೋರಿಸಿ.

ಮಲ್ಲಿಗೆಯವರೇ, ಈಗ ನಿಮ್ಮ ಸೋಮವಾರ. ಒಂದು ಪ್ರಯೋಗ ಹೇಳುತ್ತೇನೆ. ಸ್ವಂತವಾಗಿ ಮಾಡಬಹುದಾದಷ್ಟು ಸಣ್ಣದು. ಭಾನುವಾರ ಒಂದು ಚೀಟಿಯಲ್ಲಿ ಬರೆಯಿರಿ: ಹಾಳೆ ಇಲ್ಲದೆ ಮಾತಾಡಿದರೆ ಏನಾಗುತ್ತದೆ? ‘ಕೆಟ್ಟದಾಗುತ್ತದೆ’ ಅಂತ ಬರೆಯಬೇಡಿ. ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಹಾಗೆ ಬರೆಯಿರಿ. ಎಷ್ಟು ಸೆಕೆಂಡ್ ತಡವರಿಸುತ್ತೀರಿ, ಎಷ್ಟು ಜನ ನಗುತ್ತಾರೆ. ನೂರಕ್ಕೆ ಎಷ್ಟು ಖಚಿತ ಅಂತಲೂ ಹಾಕಿ. ಮೀಟಿಂಗಿನಲ್ಲಿ ಹಾಳೆ ಒಳಗಿಡಿ, ಉಳಿದ ಎಂಟು ಜನ ಹೇಳುವುದನ್ನು ನಿಜವಾಗಿ ಕೇಳಿ. ಮೂರು ಜನ ಹೇಳಿದ್ದನ್ನು ಆಮೇಲೆ ಬರೆಯಲು ಬರಬೇಕು, ಅಷ್ಟು ಕೇಳಿ. ಮುಗಿದ ತಕ್ಷಣ ಚೀಟಿ ತೆಗೆದು ಆದದ್ದನ್ನು ಪಕ್ಕದಲ್ಲಿ ಬರೆದು ಮುಚ್ಚಿ. ರಾತ್ರಿಯ ವಿಚಾರಣೆ ಶುರುವಾದರೆ, ಇದು ಚೀಟಿಯಲ್ಲಿದೆ ಅಂತ ಹೇಳಿ ಎದ್ದು ಬೇರೆ ಕೆಲಸ ಮಾಡಿ.

ಭಯ ಇಳಿಯಲಿ ಅಂತ ಕಾಯಬೇಡಿ. ಮೊದಲ ಸಲ ಅದು ಜಾಸ್ತಿಯೇ ಆಗುತ್ತದೆ, ಗುರಾಣಿ ಕೆಳಗಿಟ್ಟಿದ್ದೀರಲ್ಲ.

ನೇರನುಡಿ

ನಾನು ಮೊದಲು ಪ್ರಶ್ನೆಯನ್ನೇ ತಪ್ಪು ತಿಳಿದಿದ್ದೆ, ಕ್ಷಮಿಸಿ. ಒಂದು ಸಂದೇಹ. ನನ್ನ ತಮ್ಮ ವೇದಿಕೆ ಮೇಲೆ ಮಾತಾಡುವ ಮುಂಚೆ ಪ್ರೊಪ್ರನಲಾಲ್ ಅನ್ನುವ ಮಾತ್ರೆ ತಗೊಳ್ಳುತ್ತಾನೆ. ಇವರಿಗೂ ಅದು ಸಾಕಲ್ವಾ?

ಎರಡನೇ ಕುರ್ಚಿ

ಅದು ಎದೆಬಡಿತ, ಕೈನಡುಕ ಇಳಿಸುತ್ತದೆ. ವೇದಿಕೆ ಒಂದೇ ಕಷ್ಟ ಅನ್ನುವವರಿಗೆ ಡಾಕ್ಟರು ಕೆಲವೊಮ್ಮೆ ಕೊಡುತ್ತಾರೆ. ದಿನನಿತ್ಯದ, ಎಲ್ಲ ಕಡೆಯ ಭಯಕ್ಕೆ ಅದು ಚಿಕಿತ್ಸೆ ಅಲ್ಲ. ಅಸ್ತಮಾ ಇರುವವರಿಗೆ ಅಪಾಯ, ಹಾಗಾಗಿ ಬೇರೆಯವರ ಮಾತ್ರೆ ಕೇಳಿ ನುಂಗುವುದು ಬೇಡವೇ ಬೇಡ. ಸೋಶಿಯಲ್ ಆಂಗ್ಸೈಟಿಗೆ ಮೊದಲ ಆಯ್ಕೆ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ. ಅದು ಬೇಡ ಅಂದವರಿಗೆ, ಸಾಕಾಗದವರಿಗೆ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳಿವೆ, ಅದನ್ನು ಸೈಕಿಯಾಟ್ರಿಸ್ಟ್ ನೋಡಬೇಕು.

ಸಂಜೆಮಲ್ಲಿಗೆ (ಹದಿನೇಳು ದಿನದ ನಂತರ)

ಎರಡು ಸೋಮವಾರ ಆಯಿತು. ಚೀಟಿಯಲ್ಲಿ ಇದ್ದದ್ದನ್ನು ಹಾಗೇ ಬರೆಯುತ್ತೇನೆ.

ಮೊದಲ ವಾರ ನಾನು ಊಹಿಸಿದ್ದು: ಹತ್ತು ಸೆಕೆಂಡಾದರೂ ಮಾತು ನಿಲ್ಲುತ್ತದೆ, ಕನಿಷ್ಠ ಇಬ್ಬರು ಮುಖ ಮುಖ ನೋಡಿಕೊಳ್ಳುತ್ತಾರೆ. ನೂರಕ್ಕೆ 85 ಖಚಿತ. ಆದದ್ದು: ಮಧ್ಯದಲ್ಲಿ ಒಂದು ಕಡೆ ನಿಂತೆ, ನನಗೆ ಯುಗ ಅನ್ನಿಸಿತು. ಏಳು ಸುತ್ತು ಅವರ ಲೋಟದ ಕಥೆ ನೆನಪಾಗಿ ಮೇಜು ಹಿಡಿದಿದ್ದ ಬೆರಳು ಬಿಟ್ಟೆ. ಒಬ್ಬರು ನನ್ನನ್ನೇ ನೋಡುತ್ತಿದ್ದರು, ನಗುತ್ತಿರಲಿಲ್ಲ, ಕಾಯುತ್ತಿದ್ದರು. ಮುಂದುವರಿಸಿದೆ. ಮೀಟಿಂಗ್‌ಗಳೆಲ್ಲ ರೆಕಾರ್ಡ್ ಆಗುತ್ತವೆ, ಧೈರ್ಯ ಮಾಡಿ ಆಮೇಲೆ ಕೇಳಿದೆ. ಆ ಯುಗ ಮೂರು ಸೆಕೆಂಡ್‌ಗಿಂತ ಕಮ್ಮಿ ಇತ್ತು.

ಎರಡನೇ ವಾರ ಅಷ್ಟು ಚೆನ್ನಾಗಿ ಆಗಲಿಲ್ಲ. ಒಂದು ಪ್ರಶ್ನೆ ಕೇಳಿದರು, ಉತ್ತರ ಗೊತ್ತಿರಲಿಲ್ಲ, ಮುಖ ಕೆಂಪಾಯಿತು, ಅದು ನಿಜವಾಗಲೂ ಕಾಣಿಸಿರಬೇಕು. ರಾತ್ರಿ ವಿಚಾರಣೆಯೂ ಆಯಿತು, ಎದ್ದು ಬೇರೆ ಕೆಲಸ ಮಾಡಲು ಆಗಲಿಲ್ಲ. ಆದರೆ ಉಳಿದವರಲ್ಲಿ ಐದು ಜನ ಏನು ಹೇಳಿದರು ಅಂತ ಬರೆಯಲು ಬಂತು. ಒಬ್ಬರ ಕೆಲಸ ನನ್ನ ಕೆಲಸಕ್ಕೆ ಅಡ್ಡ ಬರುತ್ತಿದೆ ಅಂತ ನನಗೆ ಗೊತ್ತಾದದ್ದೇ ಮೊನ್ನೆ, ಅವರು ನಾಲ್ಕು ವಾರದಿಂದ ಅದನ್ನೇ ಹೇಳುತ್ತಿದ್ದರಂತೆ.

ಸೈಕಾಲಜಿಸ್ಟ್ ಒಬ್ಬರ ಹತ್ತಿರ ಬುಧವಾರಕ್ಕೆ ಸಮಯ ತಗೊಂಡಿದ್ದೇನೆ. ಫೋನಲ್ಲೇ ಮಾತಾಡಿ ತಗೊಂಡೆ, ಬರೆದುಕೊಂಡು ಓದಿದೆ. ಆ ಹಾಳೆ ಇನ್ನೂ ಬಿಟ್ಟಿಲ್ಲ.

ಏಳು ಸುತ್ತು

ನನ್ನ ಮೊದಲ ಫೋನ್ ಕೂಡ ಬರೆದುಕೊಂಡೇ ಮಾಡಿದ್ದು. ಬುಧವಾರ ಆ ಹಾಳೆಯನ್ನೂ ತಗೊಂಡು ಹೋಗಿ, ಅವರಿಗೆ ತೋರಿಸಿ. ನನ್ನ ಲೋಟದಂತೆ ಅದರಿಂದಲೇ ಅವರು ಶುರು ಮಾಡಬಹುದು.

ಪುಟಗಳ ನಡುವೆ

ಮಲ್ಲಿಗೆಯವರೇ, ಪಕ್ಕದ ಸೀಟಿನವರ ಜೊತೆ ಊಟಕ್ಕೆ ಕೂತಿರಾ?

ಸಂಜೆಮಲ್ಲಿಗೆ

ನಿನ್ನೆ ಕೂತೆ. ಅವಳು ಪುಸ್ತಕ ಮುಚ್ಚಲಿಲ್ಲ. ನಾನೂ ಒಂದು ಪುಸ್ತಕ ತಗೊಂಡು ಹೋಗಿದ್ದೆ. ಇಪ್ಪತ್ತು ನಿಮಿಷದಲ್ಲಿ ನಾಲ್ಕೈದು ಮಾತು ಆಡಿರಬಹುದು. ಏಳುವಾಗ "ನಾಳೆಯೂ ಬರ್ತೀಯಾ?" ಅಂತ ಅವಳೇ ಕೇಳಿದಳು.